ತೇರಿನ ಗಾಲಿ ಪಕ್ಕ ನಿಲ್ಲೋರಿಗೆ

"ಸರ್, ಈ ಸಲ ನಮ್ಮೂರ ತೇರಿಗೆ ಸ್ವಯಂಸೇವಕನಾಗಿ ಹೆಸ್ರು ಕೊಟ್ಟಿದೀನಿ, ಗಾಲಿ ಪಕ್ಕ ಡ್ಯೂಟಿ ಹಾಕಿದಾರೆ. ಏನೇನ್ ನೋಡ್ಕೋಬೇಕು, ಜನರ ಹತ್ರ ಹೇಗ್ ಮಾತಾಡ್ಬೇಕು?"
– ಓದುಗರೊಬ್ಬರು

ನೀವು ನೋಡ್ಬೇಕಾದ್ದು ಕಳಶ ಅಲ್ಲ, ಜನರ ಕಾಲು. ನೀವು ಮೇಲೆ ನೋಡಿ ಕೈಮುಗಿಯೋ ಹೊತ್ತಲ್ಲೇ ಮಗು ಕೆಳಗೆ ಬಗ್ಗಿರುತ್ತೆ. ನಾನು ಹುಡುಗನಾಗಿದ್ದಾಗ ಇದೇ ಡ್ಯೂಟಿ ಮಾಡಿದೀನಿ. ತೇರಿಗೆ ಎಸೆದ ಬಾಳೆಹಣ್ಣೊಂದು ಗಾಲಿ ಮುಂದೆ ಉರುಳ್ತು, ಎಂಟೊಂಬತ್ತು ವರ್ಷದ ಹುಡುಗ ಅದಕ್ಕೆ ಕೈ ಚಾಚ್ದ, ಪಕ್ಕದಲ್ಲಿದ್ದೋರು ಅಂಗಿ ಕಾಲರ್ ಹಿಡಿದು ಎಳೆದ್ರು, ಹಣ್ಣು ಅಲ್ಲೇ ಅಪ್ಪಚ್ಚಿ ಆಯ್ತು, ಅದಿನ್ನೂ ಕಣ್ಣಮುಂದಿದೆ ನಂಗೆ. ಅದಕ್ಕೇ ಹಣ್ಣು, ಉತ್ತತ್ತಿ ಎಸೆಯೋದು ತೇರು ನಿಂತಾಗ ಮಾತ್ರ ಅಂತ ಮೈಕಲ್ಲಿ ಮೊದಲೇ ಹೇಳ್ಸಿ, ಬಿದ್ದಿದ್ದನ್ನ ಉದ್ದ ಕೋಲಲ್ಲಿ ಪಕ್ಕಕ್ಕೆ ತಳ್ಳಿ, ಸಿಪ್ಪೆ ತುಳಿದು ಜಾರಿ ಬೀಳೋರೂ ಕಮ್ಮಿ ಆಗ್ತಾರೆ.

ಇನ್ನೊಂದು, ತೇರು ನೀವು ಕೂಗಿದ ತಕ್ಷಣ ನಿಲ್ಲಲ್ಲ. ಹಗ್ಗದ ತುದಿಯಲ್ಲಿ ಎಳೆಯೋರಿಗೆ ವಾದ್ಯದ ಸದ್ದಲ್ಲಿ ನಿಮ್ಮ ದನಿ ಕೇಳಲ್ಲ, ಅವ್ರು ಕೈಬಿಟ್ರೂ ಅಷ್ಟು ಭಾರ ಇನ್ನೊಂದಿಷ್ಟು ಮುಂದಕ್ಕೆ ಹೋಗೇ ಹೋಗುತ್ತೆ, ಇಳಿಜಾರಾದ್ರಂತೂ ಕೇಳೋದೇ ಬೇಡ. ಹಿಂದಿನ ದಿನವೇ ಎಲ್ರೂ ಸೇರಿ ಒಂದೇ ಗುರುತು ಮಾಡ್ಕೊಳ್ಳಿ: ಉದ್ದ ಸೀಟಿ, ಮೇಲೆ ಕೆಂಪು ಬಾವುಟ. ಆ ಗುರುತು ಕಂಡ ಕೂಡ್ಲೇ ಹಗ್ಗ ಬಿಡ್ಬೇಕು, ಗಾಲಿಗೆ ಮರದ ತಡೆ ಕೊಡ್ಬೇಕು, ತಡೆ ಕೊಡೋ ಕೆಲಸ ಮಾತ್ರ ಪಳಗಿದೋರದ್ದು, ನೀವು ಕೈ ಹಾಕ್ಬೇಡಿ. ಎರಡು ಹಗ್ಗದ ಮಧ್ಯೆ ಗಾಲಿಗೆ ಹತ್ತಿರದ ಜಾಗ ಖಾಲಿ ಇರ್ಲಿ, ಅಲ್ಲಿ ಎಡವಿದೋರಿಗೆ ಏಳೋಕೆ ಟೈಮ್ ಸಿಗಲ್ಲ.

ಜನ ಒತ್ತಿಕೊಂಡು ತಮ್ಮ ಕೈಯನ್ನ ಮುಖದ ತನಕ ಎತ್ತೋಕಾಗ್ತಿಲ್ಲ, ಇಡೀ ಗುಂಪು ಅಲೆ ಥರ ಓಲಾಡ್ತಿದೆ ಅಂದ್ರೆ ಅಪಾಯ ಶುರುವಾಗಿದೆ ಅಂತ ತಿಳ್ಕೊಳ್ಳಿ. ಅಲ್ಲಿ ನಿಂತಲ್ಲೇ ಉಸಿರು ಕಟ್ಟುತ್ತೆ. ಮುಂದಿನೋರನ್ನ ಹಿಂದಕ್ಕೆ ತಳ್ಬೇಡಿ, ಹಿಂದಿಂದ ಬರೋರನ್ನ ನಿಲ್ಸಿ, ಪಕ್ಕದ ಬೀದಿ ಬಿಡಿಸಿ. ದರ್ಶನದ ಕ್ಯೂಗೂ ಇದೇ ಮಾತು, ಹೊರಗೆ ಹೋಗೋ ಬಾಗಿಲು ಸರಾಗ ಆದ್ಮೇಲೇ ಒಳಗೆ ಬಿಡಿ.

ಬಿಸಿಲಿಗೆ ತಲೆಸುತ್ತಿ ಬಿದ್ದೋರನ್ನ ನೆರಳಲ್ಲಿ ಮಲಗ್ಸಿ, ಕಾಲು ಸ್ವಲ್ಪ ಎತ್ತಿಡಿ, ಪೂರ್ತಿ ಎಚ್ಚರ ಆಗೋ ತನಕ ಬಾಯಿಗೆ ನೀರು ಹಾಕ್ಲೇಬೇಡಿ. ಮೈ ಸುಡ್ತಿದ್ದು ಏನೇನೋ ಮಾತಾಡ್ತಿದ್ರೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಜೊತೆಗೇ 108ಕ್ಕೆ ಫೋನ್ ಮಾಡ್ಸಿ.

ಮಾತಿನ ವಿಚಾರ. "ಏಯ್, ಹಿಂದೆ ಹೋಗೋ" ಅಂದ್ರೆ ಜಗಳ ಆಗುತ್ತೆ, "ಅಣ್ಣಾ, ಮಗು ಇದೆ, ಎರಡು ಹೆಜ್ಜೆ ಹಿಂದೆ ಬನ್ನಿ" ಅಂದ್ರೆ ಸರೀತಾರೆ. ಹೆಣ್ಮಕ್ಕಳ ಕಡೆ ಹೆಣ್ಮಕ್ಕಳೇ ಸ್ವಯಂಸೇವಕರಿರ್ಲಿ. ಗಾಲಿ ಮುಟ್ಟಿ ನಮಸ್ಕಾರ ಮಾಡ್ಬೇಕು ಅಂತ ಅಜ್ಜಿಯಂದಿರು ಬಂದೇ ಬರ್ತಾರೆ, ಬೇಡ ಅಂತ ಗದರಿಸ್ಬೇಡಿ, "ಅಜ್ಜಿ, ನಿಂತ್ಮೇಲೆ ನಾನೇ ಕರ್ಕೊಂಡು ಹೋಗ್ತೀನಿ" ಅನ್ನಿ, ತಡೆ ಬಿದ್ದಿದ್ದು ಕಣ್ಣಾರೆ ನೋಡಿ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ.

– ಸಂ.