ಪ್ರಕರಣ: ಮೂರು ಪುಟದ ಗದಾಯುದ್ಧ, ಒಂದೇ ಪ್ಯಾರಾ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮುಧೋಳ ತಾಲೂಕಿನ ಹಳ್ಳಿಯೊಂದರ ಒಂಬತ್ತನೇ ತರಗತಿ ಹುಡುಗಿ. ಕನ್ನಡದಲ್ಲಿ ಚುರುಕು. ಆದರೂ ಕನ್ನಡದ ಅಸೈನ್‌ಮೆಂಟ್ ಬಂದ ದಿನ ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಾಳೆ ಎಂಬುದು ತಾಯಿಯ ದೂರು. ಈ ಸಲ ಕೊಟ್ಟಿದ್ದು ಅದೇ ನೆಲದ ರನ್ನನ ಗದಾಯುದ್ಧದಿಂದ: ದುರ್ಯೋಧನ ಭೀಷ್ಮನನ್ನು ಕಾಣುವಲ್ಲಿಂದ ತೊಡೆ ಮುರಿಯುವವರೆಗಿನ ಕಥೆಯನ್ನು 75 ಪದ ಮೀರದಂತೆ ಒಂದು ಪ್ಯಾರಾದಲ್ಲಿ ಬರೆಯಬೇಕು.

ಅವಳು ತಂದಿದ್ದ ಮೊದಲ ಪ್ರತಿ ಮೂರು ಪುಟ. ಎರಡನೆಯದು ಪದಮಿತಿಯೊಳಗಿತ್ತು, ಆದರೆ ದುರ್ಯೋಧನ ಹೆಣಗಳ ನಡುವೆ ನಡೆಯುವುದರಲ್ಲೇ ಮುಗಿದಿತ್ತು. ಭೀಮ ಬಂದೇ ಇರಲಿಲ್ಲ. ಮೊದಲ ಸಾಲಿನಿಂದ ಒಂದೊಂದೇ ವಾಕ್ಯ ಕತ್ತರಿಸುತ್ತ ಹೋದರೆ ಆಗುವುದೇ ಇದು. ಆರಂಭ ಜಾಗವೆಲ್ಲ ತಿನ್ನುತ್ತದೆ, ಮುಖ್ಯ ಘಟನೆ ಹೊರಗುಳಿಯುತ್ತದೆ.

ಮಾತಾಡಿಸಿದಾಗ ಇನ್ನೊಂದು ಕಾರಣ ಸಿಕ್ಕಿತು. ಅವಳ ಅಜ್ಜ ದೊಡ್ಡಾಟದ ಕಲಾವಿದರು. ಅವಳ ಕಿವಿಯಲ್ಲಿರುವುದು ರಾತ್ರಿಯಿಡೀ ನಡೆಯುವ ಕಥೆ.

"ಕರ್ಣನ ಹೆಣದ ಮುಂದ ಅಳೂದು ಬಿಟ್ರ ಹೆಂಗ್ರಿ ಮೇಡಂ? ಅಜ್ಜ ಅದನ್ನ ಹಾಡೂ ಮುಂದ ಎಲ್ಲಾರೂ ಅಳ್ತಾರ್ರಿ."

"ಬಿಡಬ್ಯಾಡವ್ವಾ. ಅದನ್ನ ಬ್ಯಾರೆ ಹಾಳ್ಯಾಗ ಎಷ್ಟ್ ಬೇಕಾದ್ರೂ ಬರಿ. ಈ ಪ್ಯಾರಾದಾಗ ಕೇಳಿದ್ದು ಏನೇನಾತು, ಯಾಕಾತು ಅನ್ನೂದಷ್ಟ."

ಆ ಪ್ರತ್ಯೇಕ ಹಾಳೆ ನೆಪವಲ್ಲ. ಇಷ್ಟವಾದ ಭಾಗ ಎಲ್ಲೋ ಉಳಿದಿದೆ ಎಂದು ಗೊತ್ತಾದ ಮೇಲೆ ಅವಳ ಕೈ ಸಲೀಸಾಗಿ ಕತ್ತರಿಸಿತು.

ಬಳಿಕ ಪುಸ್ತಕ ಮುಚ್ಚಿಸಿ, ಕಥೆಯನ್ನು ಕೊನೆಯಿಂದ ಹಿಂದಕ್ಕೆ ಕೇಳುತ್ತ ಹೋದದ್ದು. ತೊಡೆ ಮುರಿಯಿತು. ಯಾಕೆ? ದುರ್ಯೋಧನ ನೀರಿನಿಂದೆದ್ದು ಕಾದಾಡಿದ. ಯಾಕೆದ್ದ? ಭೀಮ ಹಂಗಿಸಿದ. ನೀರಿನಲ್ಲಿ ಯಾಕಿದ್ದ? ಭೀಷ್ಮ ಹೇಳಿದ್ದ. ಭೀಷ್ಮನೇಕೆ ಹಾಗೆ ಹೇಳಿದ? ಸಂಧಿಗೆ ದುರ್ಯೋಧನ ಒಪ್ಪಲಿಲ್ಲ. ಈ ಸರಪಳಿಯಲ್ಲಿ ಬಾರದವರು ಎಷ್ಟೇ ಮಾತಾಡಿದ್ದರೂ ಪ್ಯಾರಾದಲ್ಲಿ ಬೇಡ. ಹೀಗೆ ಸಂಜಯ ಹೊರಗೆ ಹೋದ. ರಣರಂಗದ ದುಃಖವೆಲ್ಲ ಒಂದು ಪದಗುಚ್ಛಕ್ಕೆ ಇಳಿಯಿತು. ಸಂಭಾಷಣೆಯೆಲ್ಲ "ಎಂದು ಹೇಳಿದ" ರೂಪಕ್ಕೆ ಬಂತು.

ಮುಂದಿನ ಪ್ರತಿಯಲ್ಲಿ ಅಳತೆ ಸರಿಯಿತ್ತು, ಅರ್ಥ ಕೆಟ್ಟಿತ್ತು. ಪದ ಉಳಿಸಲು ಅವಳು "ಭೀಮ ಗರ್ಜಿಸಿ ದುರ್ಯೋಧನ ಹೊರಬಂದ" ಎಂದು ಬರೆದಿದ್ದಳು. "ಗರ್ಜಿಸಿ", "ಹೋಗಿ", "ಕೇಳಿ" ಎಂದು ವಾಕ್ಯ ಹೆಣೆಯುವಾಗ ಸಾಮಾನ್ಯವಾಗಿ ಎರಡೂ ಕೆಲಸ ಒಬ್ಬನದೇ ಆಗಿರಬೇಕು. ಕರ್ತೃ ಬದಲಾದರೆ "ಗರ್ಜಿಸಿದಾಗ" ಎನ್ನಬೇಕು. ಹಾಗೆಯೇ "ಅವನು ಅವನ ತೊಡೆಗೆ ಹೊಡೆದ" ಎಂದರೆ ಯಾರು ಯಾರಿಗೆ ಹೊಡೆದದ್ದು? ಇಬ್ಬರು ಗಂಡಸರು ಎದುರುಬದುರಾದಲ್ಲಿ ಹೆಸರನ್ನೇ ಬರೆಯಬೇಕು. ಒಂದು ಪದ ಹೆಚ್ಚಾದರೂ ಸರಿ.

ಇನ್ನೊಂದು ತಪ್ಪು ಹೊರಗಿನಿಂದ ನುಸುಳಿದ್ದು: ಅಡಗುತಾಣದ ಸುಳಿವನ್ನು ಬೇಡರು ಕೊಟ್ಟರು ಎಂದು ಬರೆದಿದ್ದಳು. ಅದು ವ್ಯಾಸಭಾರತದ ಸಂಗತಿ. ಅಲ್ಲಿ ದುರ್ಯೋಧನ ಸರೋವರಕ್ಕಿಳಿಯುವ ಮುನ್ನ ಭೀಷ್ಮನ ಬಳಿ ಹೋಗುವುದೇ ಇಲ್ಲ. ಆ ಭೇಟಿ ರನ್ನನಲ್ಲಿದೆ. ಎರಡನ್ನೂ ಬೆರೆಸಿದರೆ ಯಾರ ಕಥೆಯೂ ಆಗುವುದಿಲ್ಲ. ಪಾಠದಲ್ಲಿರುವುದನ್ನಷ್ಟೇ ಹಿಡಿಯಲು ಹೇಳಿದ್ದಾಯಿತು.

ಕೊನೆಗೆ, ಕಥೆ ಗೊತ್ತಿಲ್ಲದ ಯಾರಿಗಾದರೂ ಓದಿಸು ಎಂಬ ಸಲಹೆ. ಆರನೇ ತರಗತಿಯ ತಮ್ಮ ಓದಿ, "ತೊಡೀಗೇ ಯಾಕ ಹೊಡದಾ?" ಎಂದನಂತೆ. ಪ್ರತಿಜ್ಞೆಯ ಮಾತೇ ಬಿಟ್ಟುಹೋಗಿತ್ತು. ಅದು ಬಹಳ ಹಿಂದೆ, ಸಭೆಯಲ್ಲಿ ನಡೆದದ್ದಾದರೂ ಅದಿಲ್ಲದೆ ಕೊನೆಯ ವಾಕ್ಯ ನಿಲ್ಲದು. ಅದನ್ನು ಸೇರಿಸಿದ ಪ್ರತಿ ಇದು:

"ಬಂಧುಮಿತ್ರರನ್ನೆಲ್ಲ ಕಳೆದುಕೊಂಡ ದುರ್ಯೋಧನ ಶರಶಯ್ಯೆಯಲ್ಲಿದ್ದ ಭೀಷ್ಮನ ಬಳಿಗೆ ಹೋಗುತ್ತಾನೆ. ಪಾಂಡವರೊಡನೆ ಸಂಧಿ ಮಾಡಿಕೊಳ್ಳಲು ಭೀಷ್ಮ ಹೇಳಿದರೂ ದುರ್ಯೋಧನ ಒಪ್ಪುವುದಿಲ್ಲ. ಆಗ ಬಲರಾಮ, ಅಶ್ವತ್ಥಾಮ ಮೊದಲಾದವರು ನೆರವಿಗೆ ಬರುವವರೆಗೆ ವೈಶಂಪಾಯನ ಸರೋವರದಲ್ಲಿ ಅಡಗಿರಲು ಭೀಷ್ಮ ಸೂಚಿಸುತ್ತಾನೆ. ಹುಡುಕಿಕೊಂಡು ಬಂದ ಭೀಮ ಹಂಗಿಸಿ ಗರ್ಜಿಸಿದಾಗ, ನೀರೊಳಗಿದ್ದರೂ ಬೆವೆತ ದುರ್ಯೋಧನ ರೋಷದಿಂದ ಮೇಲೆ ಬರುತ್ತಾನೆ. ಇಬ್ಬರ ನಡುವೆ ಗದಾಯುದ್ಧ ನಡೆಯುತ್ತದೆ. ದ್ರೌಪದಿಗೆ ಅವಮಾನವಾದಂದು ಮಾಡಿದ್ದ ಪ್ರತಿಜ್ಞೆಯಂತೆ ಭೀಮ ದುರ್ಯೋಧನನ ತೊಡೆ ಮುರಿಯುತ್ತಾನೆ."

ಬೆವೆತ ಮಾತು ಸರಪಳಿಗೆ ಬೇಕಿರಲಿಲ್ಲ. ಆದರೆ ರನ್ನನ ಕಾವ್ಯದ ಗುರುತೇ ಅದು, ಜಾಗವೂ ಇತ್ತು. ಉಳಿಸಿಕೊಳ್ಳಲು ಅವಳು ಹಟ ಹಿಡಿದದ್ದು ಸರಿಯೇ.

ತಾಯಿಗೆ ಹೇಳಿದ್ದು ಬೇರೆ: ವಾಕ್ಯ ಹೇಳಿಕೊಟ್ಟು ಬರೆಸಬೇಡಿ. ಊಟದ ಹೊತ್ತಿಗೆ ಯಾವುದಾದರೂ ಕಥೆಯ ಕೊನೆ ಹೇಳಿ, "ಯಾಕಾತು?" ಎಂದು ಹಿಂದಕ್ಕೆ ಕೇಳುತ್ತ ಹೋಗಿ. ಹೊಟ್ಟೆನೋವು ಅಸೈನ್‌ಮೆಂಟ್ ಇಲ್ಲದ ದಿನವೂ ಬಂದರೆ ಮೊದಲು ವೈದ್ಯರಿಗೆ ತೋರಿಸಿ.