ವರ್ಷದ ಕಾರ್ಯದವರೆಗೆ ಕಾಯಬೇಕಾ?

ಪ್ರಶ್ನೆ: ಅವ್ವ ತೀರಿಕೊಂಡು ನಾಲ್ಕು ತಿಂಗಳಾಯ್ತು. ಅಪ್ಪಾಜಿಗೆ 61 ವರ್ಷ, ಚನ್ನಗಿರಿ ಹತ್ತಿರ ಅಡಿಕೆ ತೋಟ ಇದೆ. ಮೊದಲು ಅಳ್ತಾ ಇದ್ದರೂ ತೋಟಕ್ಕೆ ಹೋಗೋರು. ಐದು ವಾರದಿಂದ ಮೋಟರ್ ಹಾಕೋದಕ್ಕೂ ಏಳಲ್ಲ. ನಸುಕಿನ 3 ಗಂಟೆಗೇ ಎಚ್ಚರ. ಊಟ ಅರ್ಧಕ್ಕೆ ಇಳಿದಿದೆ, ಅಂಗಿ ಜೋಲುತ್ತಿದೆ. "ನಾನಿದ್ದು ದಂಡ" ಅಂತಾರೆ. ವರ್ಷದ ಕಾರ್ಯ ಆದ್ರೆ ಸರಿಹೋಗ್ತಾರೆ ಅಂತ ನೆಂಟರು ಹೇಳ್ತಾರೆ. ಇದು ದುಃಖವಾ, ಕಾಯಿಲೆಯಾ?
– ಮಗಳು, ದಾವಣಗೆರೆ

ಉತ್ತರ: ಎರಡೂ ಇರುವ ಹಾಗೆ ಕಾಣುತ್ತದೆ. ಈ ವಾರವೇ ಮನೋವೈದ್ಯರಿಗೆ ತೋರಿಸಿ, ವರ್ಷದ ಕಾರ್ಯಕ್ಕೆ ಕಾಯಬೇಡಿ.

ಬರೀ ಬೇಸರ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಅಡಿಕೆ ರೇಟು ಬಿದ್ದ ದಿನ ಮನೆಯವರ ಮುಖ ಸಪ್ಪಗಾಗುತ್ತದೆ. ಎರಡು ದಿನ ಗೊಣಗುತ್ತಾರೆ, ಆದರೂ ಊಟ, ನಿದ್ದೆ, ಕೆಲಸ ನಡೆದೇ ಇರುತ್ತದೆ.

ಸಾವಿನ ದುಃಖ ಅದಕ್ಕಿಂತ ಬಹಳ ಆಳ. ಆದರೆ ಅದು ಅಲೆಯ ಹಾಗೆ ಬಂದುಹೋಗುತ್ತದೆ. ಅವ್ವನ ಸೀರೆ ಕಣ್ಣಿಗೆ ಬಿದ್ದರೆ ಉಕ್ಕಿಬರುತ್ತದೆ, ಮೊಮ್ಮಗು ಬಂದು ತೊಡೆ ಹತ್ತಿದರೆ ಸ್ವಲ್ಪ ಹೊತ್ತು ನಗುವೂ ಬರುತ್ತದೆ. ಮೊದಲ ಮೂರು ತಿಂಗಳು ಅಪ್ಪಾಜಿ ಅಳುತ್ತಲೇ ತೋಟಕ್ಕೆ ಹೋಗುತ್ತಿದ್ದರಲ್ವಾ, ಅದು ಇಂಥ ದುಃಖ. ಅದಕ್ಕೆ ಇಷ್ಟೇ ದಿನ ಅಂತ ಗಡುವು ಹಾಕಲು ಆಗುವುದಿಲ್ಲ.

ಖಿನ್ನತೆಯಲ್ಲಿ ಅಲೆ ಇಳಿಯುವುದೇ ಇಲ್ಲ. ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಹಾಗೇ ಇದ್ದು, ನಿತ್ಯದ ಬದುಕಿಗೂ ಪೆಟ್ಟು ಬಿದ್ದಿದ್ದರೆ ನಾವು ವೈದ್ಯರು ಆ ಹೆಸರು ಹೇಳುತ್ತೇವೆ. ನಾವು ನೋಡುವ ಲಕ್ಷಣಗಳು ಒಂಬತ್ತು. ಅದರಲ್ಲಿ ಐದು ಬೇಕು, ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಆ ಐದರಲ್ಲಿ ಇರಲೇಬೇಕು. ನಿಮ್ಮ ಪತ್ರದಲ್ಲೇ ನಾಲ್ಕು ಸಿಗುತ್ತವೆ: ತೋಟ ಬೇಡವಾಗಿದೆ, ನಿದ್ದೆ ಕೆಟ್ಟಿದೆ, ಊಟ ಮತ್ತು ತೂಕ ಇಳಿದಿದೆ, ತಾನು ದಂಡ ಅನ್ನಿಸಿದೆ. ಉಳಿದದ್ದನ್ನು ಹತ್ತಿರ ಕೂತು ವಿಚಾರಿಸಿ. ಸುಮ್ನೆ ಕೂತರೂ ಸುಸ್ತಾ? ಕೂಲಿ ಲೆಕ್ಕ ತಲೆಗೆ ಹತ್ತುತ್ತಿಲ್ವಾ? ಮಾತು, ನಡಿಗೆ ನಿಧಾನ ಆಗಿದೆಯಾ?

ಅವರು ಆಡುವ ಮಾತನ್ನೂ ಗಮನಿಸಿ. "ಅವಳನ್ನ ಇನ್ನೊಂದು ವಾರ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು" ಅನ್ನುವುದು ದುಃಖದ ಕೊರಗು, ಅದು ಹೋದವರ ಸುತ್ತಲೇ ಸುತ್ತುತ್ತದೆ. "ನಾನಿದ್ದು ದಂಡ" ಅನ್ನುವುದು ತನ್ನ ಮೇಲೇ ಕೊಟ್ಟುಕೊಂಡ ತೀರ್ಪು. ನನಗೆ ಹೆಚ್ಚು ಚಿಂತೆ ಆಗಿದ್ದು ಈ ಮಾತಿನಿಂದಲೇ.

ನಿತ್ಯದ ಕೆಲಸ ಕೆಟ್ಟಿದೆಯಾ ಅಂತ ನೋಡುವಾಗ ಹಲವರು ಒಂದು ಕಡೆ ಎಡವುತ್ತಾರೆ. ಸೂತಕದ ವರ್ಷ ಅಂತ ಹಬ್ಬ ಮಾಡಲಿಲ್ಲ, ಮದುವೆಗೆ ಹೋಗಲಿಲ್ಲ ಅಂದರೆ ಅದು ಪದ್ಧತಿ, ರೋಗವಲ್ಲ. ಅವರು ಮೊದಲು ಏನು ಮಾಡುತ್ತಿದ್ದರೋ ಅದಕ್ಕೇ ಹೋಲಿಸಿ. ತೋಟಕ್ಕೆ ನೀರು ಬಿಡುವುದನ್ನು ಯಾವ ಪದ್ಧತಿಯೂ ಬೇಡ ಅನ್ನುವುದಿಲ್ಲ. ಅಂಥ ಕೆಲಸವೇ ಐದು ವಾರದಿಂದ ನಿಂತಿದೆ.

ನೆಂಟರದ್ದೂ ಪೂರ್ತಿ ತಪ್ಪಲ್ಲ. ಹಿಂದೆ ಅಮೆರಿಕದ ಮನೋವೈದ್ಯರ ಕೈಪಿಡಿಯೇ ಸಾವಾದ ಮೊದಲ ಎರಡು ತಿಂಗಳು, ಲಕ್ಷಣ ತೀರಾ ತೀವ್ರವಾಗಿರದಿದ್ದರೆ, ಖಿನ್ನತೆ ಅನ್ನಬೇಡಿ ಅನ್ನುತ್ತಿತ್ತು. 2013ರಲ್ಲಿ ಆ ವಿನಾಯಿತಿ ತೆಗೆದರು. ದುಃಖದ ಜೊತೆಗೇ ಖಿನ್ನತೆಯೂ ಬರಬಹುದು, ಆಗ ಅದಕ್ಕೂ ಚಿಕಿತ್ಸೆ ಬೇಕು. ಇನ್ನು ಹೋದವರ ಹಂಬಲವೇ ತಿಂಗಳುಗಟ್ಟಲೆ ಬಿಡದೆ ಕಾಡಿದರೆ ಅದಕ್ಕೆ ಬೇರೆ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದಕ್ಕೆ ಕನಿಷ್ಠ 6 ತಿಂಗಳಾಗಿರಬೇಕು. ನಾಲ್ಕೇ ತಿಂಗಳಿಗೆ ಅದನ್ನು ಹೇಳಲು ಬರುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಇವತ್ತೇ ಕೇಳಿ: "ಅಪ್ಪಾಜಿ, ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. "ಅವಳ ಹತ್ತಿರ ಹೋಗಬೇಕು" ಅಂದರೂ ಅಲ್ಲಿಗೇ ಬಿಡಬೇಡಿ, ಹೇಗೆ, ಯಾವಾಗ ಅಂತ ಯೋಚಿಸಿದ್ದಾರಾ ಕೇಳಿ. ಉತ್ತರ ಏನೇ ಬರಲಿ, ತೋಟದ ಮನೆಯಲ್ಲಿರುವ ಕೀಟನಾಶಕದ ಡಬ್ಬಿಗಳನ್ನು ಬೇರೆ ಕಡೆ ಸಾಗಿಸಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ವೈದ್ಯರು ಥೈರಾಯ್ಡ್, ಶುಗರ್, ರಕ್ತಹೀನತೆ ಪರೀಕ್ಷೆಗೂ ಬರೆದುಕೊಡಬಹುದು. ಇವೂ ಸುಸ್ತು ಮಾಡುತ್ತವೆ, ಕೆಲವು ತೂಕವನ್ನೂ ಇಳಿಸುತ್ತವೆ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರವೇ "ಏನೂ ಆಗಲಿಲ್ಲ" ಅಂತ ನಿಲ್ಲಿಸಬೇಡಿ.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಅಪ್ಪಾಜಿ ಕೊನೆಯ ಸಲ ಮೋಟರ್ ಹಾಕಿದ್ದು ಯಾವತ್ತು, ಕೊನೆಯ ಸಲ ಹೊಟ್ಟೆ ತುಂಬಾ ಉಂಡಿದ್ದು ಯಾವತ್ತು. ವೈದ್ಯರ ಮುಂದೆ ಅವರು ಖಂಡಿತ "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂತಾರೆ.