ಸೋಲಾರ್ ಯೂನಿಟ್ ಒಮ್ಮೆಲೇ ಅರ್ಧಕ್ಕೆ ಇಳಿದರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: "ಮನೆ ಮೇಲೆ 5 ಕಿಲೋವ್ಯಾಟ್ ಸೋಲಾರ್ ಇದೆ. ದಿನಕ್ಕೆ 20-22 ಯೂನಿಟ್ ಬರ್ತಿತ್ತು. ಹೋದ ವಾರದಿಂದ 10-11 ಅಷ್ಟೇ. ಬಿಸಿಲು ಚೆನ್ನಾಗಿದೆ. ಪ್ಯಾನೆಲ್ ತೊಳೆದೆ, ಏನೂ ಪ್ರಯೋಜನ ಆಗಲಿಲ್ಲ. ಇನ್ನೇನು ನೋಡಬೇಕು?"

ಮೊದಲು ಒಂದು ಮಾತು. ಈ 10-11 ಇನ್ವರ್ಟರ್ ಪರದೆಯಲ್ಲಿ ನೋಡಿದ್ದಾ, ಇಲ್ಲಾ ಕರೆಂಟ್ ಬಿಲ್ಲಿನಲ್ಲಿ ನೋಡಿದ್ದಾ? ಬಿಲ್ಲಿನಲ್ಲಿ ಸೋಲಾರ್‌ದು ಅಂತ ಇರುವುದು ಸಾಮಾನ್ಯವಾಗಿ ನೀವು ಹೊರಗಿನ ಲೈನ್‌ಗೆ ಕೊಟ್ಟ ಯೂನಿಟ್ ಮಾತ್ರ. ಹಗಲು ಹೊತ್ತು ಎ.ಸಿ., ಪಂಪು ಜಾಸ್ತಿ ಓಡಿದ್ದರೆ ಅದು ಕಡಿಮೆ ಆಗಿಯೇ ಆಗುತ್ತದೆ, ಪ್ಯಾನೆಲ್‌ಗಳಿಗೆ ಏನೂ ಆಗಿರುವುದಿಲ್ಲ. ಇನ್ವರ್ಟರ್‌ನಲ್ಲೇ ಕಡಿಮೆ ಇದ್ದರೆ ಮುಂದೆ ಓದಿ.

ಧೂಳಂತೂ ಅಲ್ಲ. ಧೂಳು ದಿನಾ ಸ್ವಲ್ಪ ಸ್ವಲ್ಪ ಕೂರುತ್ತದೆ, ಯೂನಿಟ್ಟೂ ಹಾಗೆಯೇ ನಿಧಾನವಾಗಿ ಇಳಿಯುತ್ತದೆ. ನಮ್ಮದು ದಾವಣಗೆರೆ. ಫೆಬ್ರವರಿ, ಮಾರ್ಚ್‌ನಲ್ಲಿ ತಿಂಗಳುಗಟ್ಟಲೆ ಮಳೆ ಇಲ್ಲದೆ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಇದ್ದಾಗಲೂ ತೊಳೆದ ಮೇಲೆ ನನಗೆ ಸಿಕ್ಕಿದ್ದು ದಿನಕ್ಕೆ ಎರಡು ಯೂನಿಟ್ ಜಾಸ್ತಿ, ಅಷ್ಟೇ. ಒಂದು ವಾರದಲ್ಲಿ ಅರ್ಧ ನುಂಗುವ ಧೂಳು ನಾನಂತೂ ಕಂಡಿಲ್ಲ. (ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡಬಹುದು. ಬೋರ್ ನೀರಾದರೆ ಒಣಗುವ ಮೊದಲೇ ವೈಪರ್‌ನಿಂದ ಎಳೆದುಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.)

ಈಗ ತಾರಸಿ ಹತ್ತಬೇಡಿ. ಮಧ್ಯಾಹ್ನ 12ಕ್ಕೆ, ಮೋಡ ಇಲ್ಲದಾಗ, ಇನ್ವರ್ಟರ್ ಮುಂದೆ ನಿಂತುಕೊಳ್ಳಿ. 5 ಕಿಲೋವ್ಯಾಟ್ ಅಂದರೆ ಸಾಮಾನ್ಯವಾಗಿ ಎರಡು ಸ್ಟ್ರಿಂಗ್ ಇರುತ್ತವೆ. ಸ್ಟ್ರಿಂಗ್ ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಪ್ಯಾನೆಲ್‌ಗಳ ಸರ. ಪರದೆಯಲ್ಲಿ PV1, PV2 ಅಂತ ಎರಡಕ್ಕೂ ಬೇರೆ ಬೇರೆ ವೋಲ್ಟ್, ಆಂಪ್ ಕಾಣುತ್ತದೆ. ಆ ನಾಲ್ಕು ಅಂಕಿ ಬರೆದುಕೊಳ್ಳಿ.

ಎರಡರಲ್ಲೂ ವೋಲ್ಟ್ ಸರಿಯಾಗಿದ್ದು ಆಂಪ್ ಮಾತ್ರ ಎರಡರಲ್ಲೂ ಒಂದೇ ರೀತಿ ಕಡಿಮೆ ಇದ್ದರೆ ಅದು ಧೂಳು ಅಥವಾ ಮಬ್ಬು ಬಿಸಿಲು. ಒಂದರಲ್ಲಿ ವೋಲ್ಟ್ ಸ್ವಲ್ಪ ಇಳಿದಿದ್ದರೆ ನೆರಳನ್ನು ಅನುಮಾನಿಸಿ. ಒಂದರಲ್ಲಿ ಆಂಪ್ ಸೊನ್ನೆ ಇದ್ದರೆ ಆ ಸರ ಎಲ್ಲೋ ತುಂಡಾಗಿದೆ. ನಿಮಗೆ ಕಾಣುವುದು ಇದೇ ಅಂತ ನನ್ನ ಊಹೆ, ಯಾಕೆಂದರೆ ಸರಿಯಾಗಿ ಅರ್ಧ ಹೋಗಿದೆ. ಕೆಲವು ಕಡೆ ಎರಡೂ ಸರವನ್ನು ಸೇರಿಸಿ ಒಂದೇ ಇನ್‌ಪುಟ್‌ಗೆ ಕೊಟ್ಟಿರುತ್ತಾರೆ. ಆಗ ಪರದೆಯಲ್ಲಿ ವೋಲ್ಟ್ ಸರಿ ಇದ್ದು ಆಂಪ್ ಅರ್ಧ ಕಾಣುತ್ತದೆ, ಯಾವ ಸರ ಹೋಗಿದೆ ಅಂತ ಗೊತ್ತಾಗಲು ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು.

ನೆರಳಿನ ಬಗ್ಗೆ ಜನ ಸುಮ್ನೆ ಹೆದರಿಸುತ್ತಾರೆ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಇಡೀ ಸರ ನಿಂತುಹೋಗುತ್ತದೆ ಅನ್ನುವುದು ಪೂರ್ತಿ ನಿಜ ಅಲ್ಲ. ಸಾಮಾನ್ಯವಾಗಿ ಪ್ರತಿ ಪ್ಯಾನೆಲ್ ಹಿಂದೆ ಮೂರು ಬೈಪಾಸ್ ಡಯೋಡ್ ಇರುತ್ತವೆ. ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಪಕ್ಕಕ್ಕೆ ಸರಿಯುತ್ತದೆ, ಸರದ ವೋಲ್ಟ್ ಹತ್ತು ಹನ್ನೆರಡು ಇಳಿಯುತ್ತದೆ, ಉಳಿದದ್ದು ನಡೆಯುತ್ತಿರುತ್ತದೆ. ನೆರಳಿನ ಗುರುತು ಆ್ಯಪ್‌ನ ಗ್ರಾಫ್‌ನಲ್ಲಿ ಸಿಗುತ್ತದೆ. ದಿನಾ ಒಂದೇ ಹೊತ್ತಿಗೆ ಗುಂಡಿ ಬಿದ್ದ ಹಾಗೆ ಕಾಣುತ್ತದೆ, ಆಮೇಲೆ ಮತ್ತೆ ಏರುತ್ತದೆ. ಪಕ್ಕದ ಮನೆಯವರು ಹೊಸದಾಗಿ ಮಹಡಿಯನ್ನೋ ನೀರಿನ ಟ್ಯಾಂಕನ್ನೋ ಎಬ್ಬಿಸದೆ ಇದ್ದರೆ ದಿನವಿಡೀ ಅರ್ಧ ಹೋಗುವುದಿಲ್ಲ. ಹಾಗೆಯೇ ಗ್ರಾಫ್ ಮಧ್ಯಾಹ್ನ ಪೂರ್ತಿ ಸೊನ್ನೆಗೆ ಬಿದ್ದು ಸ್ವಲ್ಪ ಹೊತ್ತಿಗೆ ಏಳುತ್ತಿದ್ದರೆ ಮನೆಗೆ ಬರುವ ಲೈನ್ ವೋಲ್ಟೇಜ್ ಜಾಸ್ತಿಯಾಗಿ ಇನ್ವರ್ಟರ್ ತಾನೇ ಆಫ್ ಆಗುತ್ತಿರಬಹುದು. ಅದು ಬೇರೆ ಕಥೆ.

ನಮ್ಮನೆಯಲ್ಲಿ ಆಗಿದ್ದು ಹೀಗೆ. 330 ವ್ಯಾಟ್‌ನ 16 ಪ್ಯಾನೆಲ್, ಎಂಟೆಂಟರ ಎರಡು ಸರ. ಮಾರ್ಚ್‌ನಲ್ಲಿ ಒಂದು ವಾರ 21 ಇದ್ದದ್ದು ಒಂದು ದಿನ 17, ಇನ್ನೊಂದು ದಿನ 14, ಮತ್ತೆ 19 ಅಂತ ಕುಣಿಯಿತು. ನಾನೂ ನಿಮ್ಮ ಹಾಗೆ ಬಕೆಟ್ ಹಿಡಿದು ಹತ್ತಿದೆ. ಆಮೇಲೆ 11ಕ್ಕೆ ಬಂದು ಅಲ್ಲೇ ನಿಂತಿತು. ಪರದೆ ನೋಡಿದರೆ PV1ನಲ್ಲಿ 268 ವೋಲ್ಟ್, 7.1 ಆಂಪ್, ಅಂದರೆ ಸುಮಾರು 1900 ವ್ಯಾಟ್. PV2ನಲ್ಲಿ ಎರಡೂ ಸೊನ್ನೆ. ಹಿಂದಿನ ದಿನಗಳ ಗ್ರಾಫ್ ತೆಗೆದು ನೋಡಿದಾಗ ಅರ್ಥವಾಯಿತು. ಬೆಳಿಗ್ಗೆ ಸರಿಯಾಗಿ ಏರುತ್ತಿದ್ದ ಗೆರೆ ಬಿಸಿಲು ಏರಿದ ಮೇಲೆ ಗರಗಸದ ಹಲ್ಲಿನ ಹಾಗೆ ಹರಿದಿತ್ತು. ಸಡಿಲ ಕನೆಕ್ಟರ್ ಹೀಗೇ ಮಾಡುತ್ತದೆ. ಆಂಪ್ ಜಾಸ್ತಿಯಾದಂತೆ ಬಿಸಿಯಾಗುತ್ತದೆ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಸುಟ್ಟು ಪೂರ್ತಿ ಬಿಟ್ಟುಹೋಗುತ್ತದೆ.

ಟೆಕ್ನಿಷಿಯನ್ ಕರೆಸಿದೆ. ದಯವಿಟ್ಟು ನೀವೂ ಇಲ್ಲಿಂದ ಮುಂದೆ ಕರೆಸಿ. ಮೇನ್ ಆಫ್ ಮಾಡಿದರೂ ಹಗಲು ಹೊತ್ತು ಆ ವೈರ್‌ಗಳಲ್ಲಿ 300ಕ್ಕೂ ಜಾಸ್ತಿ ಡಿಸಿ ವೋಲ್ಟ್ ಇದ್ದೇ ಇರುತ್ತದೆ, ಸೂರ್ಯನಿಗೆ ಸ್ವಿಚ್ ಇಲ್ಲವಲ್ಲ. ಕರೆಂಟ್ ಹರಿಯುವಾಗ ಕನೆಕ್ಟರ್ ಎಳೆದರೆ ಕಿಡಿ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ಅವರು ಮೊದಲು ಎಸಿ ಕಡೆಯ ಸ್ವಿಚ್, ಆಮೇಲೆ ಡಿಸಿ ಐಸೊಲೇಟರ್ ಆಫ್ ಮಾಡಿ, ಕ್ಲಾಂಪ್ ಮೀಟರ್‌ನಲ್ಲಿ ಆಂಪ್ ಸೊನ್ನೆ ಅಂತ ನೋಡಿಕೊಂಡೇ ಕೈ ಹಾಕಿದರು.

ಮೊದಲು ನೋಡಿದ್ದು ಡಿಸಿ ಡಬ್ಬಿಯಲ್ಲಿನ ಫ್ಯೂಸ್. ಅದು ಸರಿ ಇತ್ತು. ಎರಡನೇ ಸರದ ತುದಿಗಳಲ್ಲಿ ಅಳೆದರೆ ವೋಲ್ಟ್ ಇಲ್ಲ, ಮೊದಲನೆಯದರಲ್ಲಿ 330ರ ಹತ್ತಿರ. ಅಂದರೆ ತೊಂದರೆ ಇನ್ವರ್ಟರ್‌ನಲ್ಲಲ್ಲ, ಮೇಲೇ ಇದೆ.

ನಾನು 16 ಪ್ಯಾನೆಲ್ಲಿನ ಕೆಳಗೂ ತೂರಬೇಕು ಅಂದುಕೊಂಡಿದ್ದೆ. ಅವರು ನೇರವಾಗಿ ಸರದ ತುದಿಗೆ ಹೋದರು. ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಇರುವ ಕನೆಕ್ಟರ್‌ಗಳು ಫ್ಯಾಕ್ಟರಿಯಲ್ಲೇ ಕೂರಿಸಿ ಬಂದವು, ಅವು ಅಷ್ಟು ಬೇಗ ಕೈಕೊಡುವುದಿಲ್ಲ. ಸರದ ಎರಡು ತುದಿಯಲ್ಲಿ, ಕೆಳಗಿಳಿಯುವ ಉದ್ದ ಕೇಬಲ್ ಸೇರುವಲ್ಲಿ ಮಾತ್ರ ಕೆಲಸಗಾರರು ತಾರಸಿಯ ಮೇಲೇ ಕೂತು ಎಂಸಿ4 ಕನೆಕ್ಟರ್ ಹಾಕಿರುತ್ತಾರೆ. ಅಲ್ಲಿ ನೋಡಿದರೆ ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಕರಗಿತ್ತು. ಬಿಚ್ಚಿದಾಗ ಒಳಗಿನ ಪಿನ್ ಮಸಿ ಹಿಡಿದಿತ್ತು, ತಂತಿಯನ್ನು ಸರಿಯಾದ ಕ್ರಿಂಪಿಂಗ್ ಟೂಲ್ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದ ಗುರುತು ಎದ್ದು ಕಾಣುತ್ತಿತ್ತು. ಜೊತೆಗೆ ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು. ಹೊರಗಿನಿಂದ ಹೊಂದಿಕೊಂಡ ಹಾಗೆ ಕಂಡರೂ ಒಳಗೆ ಬಿಗಿಯಾಗಿ ಕೂರುವುದಿಲ್ಲವಂತೆ.

ಸುಟ್ಟ ಭಾಗ ಕತ್ತರಿಸಿ, ಒಂದೇ ಕಂಪನಿಯ ಹೊಸ ಜೋಡಿ ಹಾಕಿದರು. ಟಕ್ ಅಂತ ಸದ್ದು ಬರುವವರೆಗೆ ಒತ್ತಿ, ಎಳೆದು ನೋಡಿದರು. ಮುಕ್ಕಾಲು ಗಂಟೆ ಕೆಲಸ. ಮಾರನೇ ದಿನ 21 ಯೂನಿಟ್ ಬಂತು.

ಹೊರಡುವಾಗ ಉಳಿದ ಮೂರು ತುದಿಗಳನ್ನೂ ನೋಡಿ ಅಂತ ನಾನೇ ಕೇಳಿಕೊಂಡೆ. ಚೆನ್ನಾಗಿ ನಡೆಯುತ್ತಿದ್ದ ಮೊದಲನೇ ಸರದಲ್ಲಿ ಒಂದು, ಮೆಲ್ಲಗೆ ಎಳೆದಿದ್ದಕ್ಕೇ ಪಿನ್ ಸಮೇತ ಕೈಗೆ ಬಂತು.